ಮಳೆ ಕೋಷ್ಟಕವನ್ನು ಸ್ಪ್ರೆಡ್‌ಶೀಟಿಗೆ ಹಾಕಿಸೋದು: ಒಂಬತ್ತನೇ ಕ್ಲಾಸಲ್ಲಿ ನಾನು ಮಾಡಿಸುವ ರೀತಿ

ನಾನು ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಟೀಚರ್. ಒಂಬತ್ತನೇ ಕ್ಲಾಸಿನವರಿಗೆ ಪ್ರಿಂಟ್ ಆಗಿರುವ ಮಳೆ ಕೋಷ್ಟಕದ ಜೆರಾಕ್ಸ್ ಕೊಟ್ಟು, ಅದನ್ನು ಸ್ಪ್ರೆಡ್‌ಶೀಟಿಗೆ ಹಾಕಿಸಿ ಚಾರ್ಟ್ ಮಾಡಿಸ್ತೇನೆ. 40 ನಿಮಿಷದ ಮೂರು ಪೀರಿಯಡ್ ಬೇಕಾಗ್ತದೆ, ಅದರಲ್ಲಿ ಚಾರ್ಟಿಗೆ ಹೋಗೋದು ಕೊನೆಯ ಪೀರಿಯಡ್ ಮಾತ್ರ. ಉಳಿದದ್ದೆಲ್ಲ ಕೋಷ್ಟಕ ಓದೋದಕ್ಕೆ ಮತ್ತೆ ಟೈಪ್ ಮಾಡಿದ್ದು ಸರಿ ಉಂಟಾ ಅಂತ ಆ ಕೋಷ್ಟಕದಿಂದಲೇ ಕಂಡುಹಿಡಿಯೋದಕ್ಕೆ. ಚಾರ್ಟ್ ಬೇಗ ಮಾಡಿಸಿ ಮುಗಿಸಬಹುದು, ಆದ್ರೆ ಒಳಗಿನ ಒಂದು ಅಂಕಿ ತಪ್ಪಿದ್ರೂ ಚಾರ್ಟ್ ಚಂದವೇ ಕಾಣ್ತದೆ, ಅದೇ ಅದರ ತೊಂದರೆ.

ಕೋಷ್ಟಕ ಇರೋದು ಹೀಗೆ: ಸಾಲಿಗೊಂದು ವರ್ಷ, ಅಡ್ಡಕ್ಕೆ ಜನವರಿಯಿಂದ ಡಿಸೆಂಬರ್, ಕೊನೆಯ ಕಾಲಮ್ಮಿನಲ್ಲಿ ವರ್ಷದ ಒಟ್ಟು, ಕೆಳಗಿನ ಸಾಲಿನಲ್ಲಿ ತಿಂಗಳ ಸರಾಸರಿ. ಎಲ್ಲ ಮಿಲಿಮೀಟರಿನಲ್ಲಿ. ಮೊದಲ ಸಲಕ್ಕೆ ನಾನು ಐದೇ ವರ್ಷದ್ದು, ಅಭ್ಯಾಸಕ್ಕೆ ಅಂತ ನಾನೇ ಬರೆದ ಅಂಕಿಗಳನ್ನು ಕೊಡ್ತೇನೆ. ಇಲ್ಲಿ ಹೇಳುವ ಅಂಕಿಗಳೂ ಅವೇ, ಯಾವ ಊರಿನ ಅಳತೆಯೂ ಅಲ್ಲ, ನಮ್ಮ ಕರಾವಳಿಯ ಮಳೆಯ ಹಾಗೆ ಕಾಣಲಿ ಅಂತ ಬರೆದದ್ದು. ಅಸಲಿ ಕೋಷ್ಟಕ ಆಮೇಲೆ. ಮೊದಲ ಸಾಲು ಇದು: ಜನವರಿ, ಫೆಬ್ರವರಿ 0, ಮಾರ್ಚ್ 4.2, ಏಪ್ರಿಲ್ 31.6, ಮೇ 168.4, ಜೂನ್ 962.8, ಜುಲೈ 1187.6, ಆಗಸ್ಟ್ 801.2, ಸೆಪ್ಟೆಂಬರ್ 376.4, ಅಕ್ಟೋಬರ್ 214.0, ನವೆಂಬರ್ 72.4, ಡಿಸೆಂಬರ್ 11.2, ಒಟ್ಟು 3829.8.

ಮೊದಲ ಪೀರಿಯಡ್ ಕಂಪ್ಯೂಟರ್ ಮುಟ್ಟಲಿಕ್ಕಿಲ್ಲ, ಪೆನ್ಸಿಲ್ ಮಾತ್ರ. ಅಂಕಿ ಅಲ್ಲದ್ದು ಎಲ್ಲೆಲ್ಲಿ ಉಂಟೋ ಅಲ್ಲಿ ವೃತ್ತ ಹಾಕಿ ಅಂತ ಹೇಳ್ತೇನೆ. ಎರಡನೇ ವರ್ಷದ ಏಪ್ರಿಲಿನಲ್ಲಿ ಬೇಕಂತಲೇ ಒಂದು ಅಡ್ಡಗೆರೆ ಇಟ್ಟಿದ್ದೇನೆ. "ಎಂತ ಟೀಚರ್ ಇದು, ಸೊನ್ನೆಯಾ?" ಅಂತ ಕೇಳೇ ಕೇಳ್ತಾರೆ. ನಾನು ಉತ್ತರ ಹೇಳೋದಿಲ್ಲ, ಕೆಳಗಿನ ಸರಾಸರಿ ಸಾಲು ನೋಡಿ ನೀವೇ ಹೇಳಿ ಅಂತೇನೆ. ಏಪ್ರಿಲ್ ಕಾಲಮ್ಮಿನಲ್ಲಿ ಇರೋದು 31.6, ಅಡ್ಡಗೆರೆ, 18.4, 60.2, 9.8. ಕೂಡಿಸಿದ್ರೆ 120. ಐದರಿಂದ ಭಾಗಿಸಿದ್ರೆ 24.0, ನಾಲ್ಕರಿಂದ ಭಾಗಿಸಿದ್ರೆ 30.0. ಪ್ರಿಂಟಿನಲ್ಲಿ ಇರೋದು 30.0. ಅಂದ್ರೆ ಕೋಷ್ಟಕ ಮಾಡಿದವರು ಆ ವರ್ಷವನ್ನು ಲೆಕ್ಕಕ್ಕೆ ತಗೊಳ್ಳಲೇ ಇಲ್ಲ, ಅಡ್ಡಗೆರೆ ಅಂದ್ರೆ ಅಳತೆ ಸಿಕ್ಕಿಲ್ಲ ಅಂತ, ಮಳೆ ಬಂದಿಲ್ಲ ಅಂತ ಅಲ್ಲ. ಇದನ್ನು ಮಕ್ಕಳು ಕೈಯಲ್ಲೇ ಭಾಗಾಕಾರ ಮಾಡಿ ಕಂಡುಹಿಡಿದ ಮೇಲೆ ಆ ಜಾಗದಲ್ಲಿ ಯಾರೂ ಸೊನ್ನೆ ಟೈಪ್ ಮಾಡೋದಿಲ್ಲ, ಸೆಲ್ ಖಾಲಿ ಬಿಟ್ಟು ಪಕ್ಕದಲ್ಲಿ ಟಿಪ್ಪಣಿ ಕಾಲಮ್ಮಿನಲ್ಲಿ "ಏಪ್ರಿಲ್ ಅಳತೆ ಇಲ್ಲ" ಅಂತ ಬರೀತಾರೆ.

ಎರಡನೇ ಪೀರಿಯಡ್ ಲ್ಯಾಬಿನಲ್ಲಿ, ಲಿಬ್ರೆಆಫೀಸ್ ಕ್ಯಾಲ್ಕ್. ಇಬ್ಬಿಬ್ಬರು ಜೋಡಿ, ಒಬ್ಬ ಓದೋದು, ಇನ್ನೊಬ್ಬ ಟೈಪ್ ಮಾಡೋದು. ಓದುವಾಗ "ಸಾವಿರದ ನೂರಾ ಎಂಬತ್ತೇಳು" ಅಂತ ಓದ್ಲಿಕ್ಕಿಲ್ಲ, "ಒಂದು ಒಂದು ಎಂಟು ಏಳು ಪಾಯಿಂಟ್ ಆರು" ಅಂತ ಬಿಡಿಬಿಡಿಯಾಗಿ. A ಕಾಲಮ್ಮಿನಲ್ಲಿ ವರ್ಷ, B ಯಿಂದ M ತನಕ ತಿಂಗಳು, N ನಲ್ಲಿ ಪ್ರಿಂಟಿನಲ್ಲಿರುವ ಒಟ್ಟನ್ನೇ ಟೈಪ್ ಮಾಡೋದು. ಇಲ್ಲಿ ಕೆಲವರು ಒಟ್ಟನ್ನು ಯಾಕೆ ಟೈಪ್ ಮಾಡೋದು, ಕಂಪ್ಯೂಟರೇ ಕೂಡಿಸ್ತದಲ್ವಾ ಅಂತ ಕೇಳ್ತಾರೆ. ಕೂಡಿಸ್ತದೆ, ಆದ್ರೆ ಅದು ಕೂಡಿಸೋದು ನಾವು ಟೈಪ್ ಮಾಡಿದ್ದನ್ನು, ಪುಸ್ತಕದಲ್ಲಿ ಇರೋದನ್ನಲ್ಲ, ಎರಡನ್ನೂ ಪಕ್ಕಪಕ್ಕ ಇಟ್ರೆ ಮಾತ್ರ ಗೊತ್ತಾಗೋದು. O ಮತ್ತು P ಕಾಲಮ್ಮಿಗೆ ಇದು:

```
=SUM(B2:M2)-N2
=COUNT(B2:M2)
```

ಮೊದಲನೆಯದ್ದು ಸೊನ್ನೆ ಬರ್ಬೇಕು, ಎರಡನೆಯದ್ದು 12 ಬರ್ಬೇಕು, ಅಡ್ಡಗೆರೆ ಇದ್ದ ವರ್ಷಕ್ಕೆ 11. COUNT ಕಡಿಮೆ ಬಂದ್ರೆ ಯಾವುದೋ ಸೆಲ್‌ನಲ್ಲಿ ಅಂಕಿಯ ಬದಲು ಅಕ್ಷರ ಕೂತಿದೆ ಅಂತ, ಸೊನ್ನೆಯ ಬದಲು ಇಂಗ್ಲಿಷ್ O ಒತ್ತಿರ್ತಾರೆ, ಇಲ್ಲ ಅಂದ್ರೆ ಪ್ರಿಂಟಿನಲ್ಲಿದ್ದ ನಕ್ಷತ್ರದ ಗುರುತನ್ನೂ ಸೇರಿಸಿ ಟೈಪ್ ಮಾಡಿರ್ತಾರೆ. SUM ಅಂಥದ್ದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗ್ತದೆ, ಎರರ್ ಕೊಡೋದಿಲ್ಲ. Ctrl+F8 ಒತ್ತಿದ್ರೆ ಕ್ಯಾಲ್ಕ್‌ನಲ್ಲಿ ಅಂಕಿಗಳು ನೀಲಿ, ಅಕ್ಷರ ಇರೋದು ಕಪ್ಪು, ಫಾರ್ಮುಲಾ ಹಸಿರು ಆಗ್ತದೆ. ನೀಲಿ ಸಾಲಿನ ಮಧ್ಯೆ ಒಂದು ಕಪ್ಪು ಕಂಡ್ರೆ ಅದೇ.

ಈ ಪಾಠದಲ್ಲಿ ನನಗೆ ತುಂಬಾ ಇಷ್ಟದ ಭಾಗ O ಕಾಲಮ್ಮು ಸೊನ್ನೆ ಬಾರದೆ ಇದ್ದಾಗ. ಒಂದು ಜೋಡಿಗೆ ಮೊದಲ ಸಾಲಿನಲ್ಲಿ -9 ಬಂತು. ಹನ್ನೆರಡು ಅಂಕಿಯನ್ನೂ ಮತ್ತೆ ಓದ್ಲಿಕ್ಕೆ ಹೊರಟಿದ್ರು, ನಾನು ನಿಲ್ಲಿಸಿ ಬೋರ್ಡಿಗೆ ಕರೆದೆ. ಎರಡು ಅಂಕಿ ಅದಲುಬದಲಾದ್ರೆ ಎಷ್ಟು ವ್ಯತ್ಯಾಸ ಬರ್ತದೆ? 10a+b ಇದ್ದದ್ದು 10b+a ಆಯ್ತು, ಕಳೆದ್ರೆ 9a-9b, ಅಂದ್ರೆ 9(a-b). ಬೀಜಗಣಿತ ಅವರಿಗೆ ಬರ್ತದೆ, ಅದು ಇಲ್ಲಿ ಕೆಲಸಕ್ಕೆ ಬರ್ತದೆ ಅಂತ ಗೊತ್ತಿರೋದಿಲ್ಲ. ವ್ಯತ್ಯಾಸ 9 ಅಂದ್ರೆ ಹತ್ತರ ಮತ್ತು ಬಿಡಿ ಸ್ಥಾನದ ಅಂಕಿಗಳ ನಡುವೆ 1 ರ ಅಂತರ, ಮೈನಸ್ ಬಂದಿದೆ ಅಂದ್ರೆ ಟೈಪ್ ಆದದ್ದು ಕಡಿಮೆ, ಹಾಗಾಗಿ ಟೈಪ್ ಆದ ಅಂಕಿಯಲ್ಲಿ ಹತ್ತರ ಸ್ಥಾನದ್ದು ಬಿಡಿಗಿಂತ 1 ಚಿಕ್ಕದಿರಬೇಕು. ಅವರ ಸಾಲಿನಲ್ಲಿ ಹಾಗೆ ಇದ್ದದ್ದು ಎರಡೇ: ಜುಲೈ 1178.6, ಆಗಸ್ಟ್ 801.2. ಪ್ರಿಂಟ್ ನೋಡಿದ್ರೆ ಆಗಸ್ಟ್ ಸರಿ, ಜುಲೈ 1187.6. ಇನ್ನೊಂದು ಜೋಡಿಗೆ 360 ಬಂದಿತ್ತು, ಅದು 90ರ ನಾಲ್ಕು ಪಟ್ಟು, ನೂರು ಮತ್ತು ಹತ್ತರ ಸ್ಥಾನ ಅದಲುಬದಲು, ಅಂತರ 4. ಸಾಲಿನಲ್ಲಿ ಅಂಥದ್ದು ಒಂದೇ, ಸೆಪ್ಟೆಂಬರಿನ 736.4, ಅಸಲಿಗೆ 376.4. ಇದನ್ನು ಅವರೇ ಹೇಳಿದ್ರು. 9ರಿಂದ ಭಾಗ ಹೋದದ್ದೆಲ್ಲ ಅದಲುಬದಲೇ ಅಂತ ಅಲ್ಲ, 9 ಇದ್ದಲ್ಲಿ 0 ಒತ್ತಿದ್ರೂ ಹಾಗೇ ಬರ್ತದೆ, ಆದ್ರೆ ಮೊದಲು ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗ್ತದೆ. ಒಟ್ಟು 14518.2 ಹಾಗೆ ಎಲ್ಲೋ ಹಾರಿ ಹೋಗಿದ್ರೆ ಪಾಯಿಂಟ್ ಬಿಟ್ಟು ಹೋಗಿದೆ, 1187.6 ಇರೋದು 11876 ಆಗಿದೆ.

ಸಾಲಿನ ಒಟ್ಟು ಹಿಡಿಯದ ತಪ್ಪೂ ಒಂದುಂಟು. ಜೂನಿನದ್ದನ್ನು ಜುಲೈಗೆ, ಜುಲೈಯದ್ದನ್ನು ಜೂನಿಗೆ ಹಾಕಿದ್ರೆ ಒಟ್ಟು ಬದಲಾಗೋದೇ ಇಲ್ಲ. ಅದಕ್ಕೆ 7ನೇ ಸಾಲಿನಲ್ಲಿ ಪ್ರಿಂಟಿನ ಸರಾಸರಿ ಟೈಪ್ ಮಾಡಿಸಿ ಕೆಳಗೆ ಇದನ್ನು ಹಾಕಿಸ್ತೇನೆ, ಹೀಗೆ ಎಲ್ಲ ತಿಂಗಳಿಗೂ:

```
=AVERAGE(G2:G6)-G7
```

ಜೂನ್ ಜುಲೈ ಅದಲುಬದಲಾಗಿದ್ರೆ ಒಂದರಲ್ಲಿ +45, ಇನ್ನೊಂದರಲ್ಲಿ -45 ರ ಹತ್ತಿರ ಬರ್ತದೆ, 224.8 ರ ಐದನೇ ಒಂದು ಭಾಗ ಅದು. 0.05 ರ ಒಳಗಿನ ವ್ಯತ್ಯಾಸ ಬಂದ್ರೆ ಬಿಟ್ಟುಬಿಡಿ, ಅದು ಪ್ರಿಂಟಿನಲ್ಲಿ ಒಂದು ದಶಮಾಂಶಕ್ಕೆ ನಿಲ್ಲಿಸಿದ್ದರಿಂದ ಬರೋದು. ಅಸಲಿ ಪುಸ್ತಕದ ಕೋಷ್ಟಕ ಕೊಟ್ಟಾಗ ನಾವು ಟೈಪ್ ಮಾಡಿದ್ದೆಲ್ಲ ಸರಿ ಇದ್ದೂ ಒಟ್ಟು ತಾಳೆ ಆಗದೆ ಇರುವುದುಂಟು, ಅಚ್ಚಿನಲ್ಲೇ ತಪ್ಪಿರ್ತದೆ. ಆಗ ಅಂಕಿಯನ್ನು ನಮ್ಮಷ್ಟಕ್ಕೆ ತಿದ್ದಲಿಕ್ಕಿಲ್ಲ, ಇದ್ದ ಹಾಗೆ ಇಟ್ಟು ಟಿಪ್ಪಣಿ ಬರೆಯೋದು.

ಮೂರನೇ ಪೀರಿಯಡ್ ಚಾರ್ಟ್. ಇಲ್ಲಿ ಎಲ್ಲರೂ ಮೊದಲು ಮಾಡೋದು ಇಡೀ ಕೋಷ್ಟಕ ಸೆಲೆಕ್ಟ್ ಮಾಡಿ ಚಾರ್ಟ್ ಬಟನ್ ಒತ್ತೋದು. ಒಟ್ಟಿನ 3829.8 ಕೂಡ ಒಂದು ಕಂಬ ಆಗಿ ನಿಲ್ತದೆ, ಜುಲೈ ಅದರ ಮೂರನೇ ಒಂದು ಭಾಗಕ್ಕೂ ಬರೋದಿಲ್ಲ, ಉಳಿದದ್ದು ಕೆಳಗೆ ಮಲಗ್ತದೆ. ವರ್ಷವೂ ಅಂಕಿಯೇ ಆದ ಕಾರಣ ಕೆಲವೊಮ್ಮೆ 2001, 2002 ಕೂಡ ಮಳೆ ಅಂತ ಕಂಬ ಆಗ್ತದೆ. ಒಂದು ಸಲ ಹಾಗೆ ಮಾಡ್ಲಿಕ್ಕೆ ಬಿಟ್ಟು ಆ ಎತ್ತರದ ಕಂಬ ಯಾವ ತಿಂಗಳಿನದ್ದು ಅಂತ ಕೇಳ್ತೇನೆ. ಆಮೇಲೆ A ಯಿಂದ M ತನಕ ಮಾತ್ರ ಸೆಲೆಕ್ಟ್, ಮೊದಲ ಸಾಲು ಮತ್ತೆ ಒಂದು ವರ್ಷದ ಸಾಲು, ವಿಝಾರ್ಡಿನಲ್ಲಿ Data series in rows ಮತ್ತು First column as label ಎರಡೂ ಟಿಕ್.

ಗೆರೆ ಚಾರ್ಟ್ ಬೇಡ, ಕಂಬದ್ದೇ ಬೇಕು ಅಂತ ನನ್ನ ಹಠ. ತಿಂಗಳ ಮಳೆ ಅಂದ್ರೆ ಆ ತಿಂಗಳಿಡೀ ಬಿದ್ದದ್ದರ ಮೊತ್ತ. ಮೇ ಮತ್ತು ಜೂನಿನ ಮಧ್ಯೆ ಗೆರೆ ಎಳೆದ್ರೆ ನಡುವೆ 500 ಮಿಮೀ ಇದ್ದ ಯಾವುದೋ ಹೊತ್ತು ಇತ್ತು ಅನ್ನುವ ಹಾಗೆ ಕಾಣ್ತದೆ, ಅಂಥದ್ದು ಇಲ್ಲ.

ನಮ್ಮ ಕರಾವಳಿಯ ಮಳೆಗೆ ಕಂಬದ ಚಾರ್ಟಲ್ಲೂ ಒಂದು ಸಮಸ್ಯೆ ಉಂಟು. ಲಂಬ ಅಕ್ಷ 1200 ತನಕ, ಚಾರ್ಟ್ 12 ಸೆಂಟಿಮೀಟರ್ ಎತ್ತರ ಇದ್ರೆ ಮಾರ್ಚಿನ 4.2 ಅರ್ಧ ಮಿಲಿಮೀಟರೂ ಬರೋದಿಲ್ಲ, ಜನವರಿಯ ಸೊನ್ನೆಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಇಲ್ಲ. ಜನವರಿಯಿಂದ ಮೇ ತನಕ ಬೇರೆ ಚಾರ್ಟ್ ಮಾಡಿಸಿ, ಅಕ್ಷ ಬೇರೆ ಅಂತ ಶೀರ್ಷಿಕೆಯಲ್ಲೇ ಬರೆಸ್ತೇನೆ. ಎರಡನೇ ವರ್ಷದ ಚಾರ್ಟಲ್ಲಿ ಏಪ್ರಿಲ್ ಜಾಗ ಖಾಲಿ ಇರ್ತದೆ, ಅಳತೆ ಇಲ್ಲದ್ದೂ ಸೊನ್ನೆಯೂ ಕಂಬದಲ್ಲಿ ಒಂದೇ ಥರ, ಹಾಗಾಗಿ ಅಲ್ಲಿ ಟೆಕ್ಸ್ಟ್ ಬಾಕ್ಸ್ ಇಟ್ಟು "ಅಳತೆ ಇಲ್ಲ" ಅಂತ ಹಾಕ್ಲೇಬೇಕು. ಐದು ವರ್ಷದ ಒಟ್ಟನ್ನು ಹೋಲಿಸುವ ಚಾರ್ಟಿನಲ್ಲೂ ಆ ವರ್ಷಕ್ಕೆ "11 ತಿಂಗಳು" ಅಂತ ಬರೀಬೇಕು. ಬಿಟ್ಟು ಹೋದದ್ದು ಏಪ್ರಿಲ್ ಆದ ಕಾರಣ ಹೆಚ್ಚು ಕಡಿಮೆ ಆಗ್ಲಿಲ್ಲ, ಅದೇ ಜುಲೈ ಆಗಿದ್ರೆ ವರ್ಷದ ಮಳೆಯ ಮೂರನೇ ಒಂದು ಭಾಗದ ಹತ್ತಿರ ಹೋಗ್ತಿತ್ತು. ಆ ಚಾರ್ಟಿನಲ್ಲಿ ಲಂಬ ಅಕ್ಷದ Minimum 0 ಉಂಟಾ ಅಂತಲೂ ನೋಡಿಸ್ತೇನೆ. ಒಟ್ಟುಗಳು ಹತ್ತಿರ ಹತ್ತಿರ ಇದ್ರೆ ಅಕ್ಷ ತಾನಾಗಿ ಮೂರು ಸಾವಿರದ ಮೇಲಿಂದ ಶುರು ಆಗಬಹುದು, ಆಗ ಸ್ವಲ್ಪ ಕಡಿಮೆ ಮಳೆಯ ವರ್ಷ ಬರಗಾಲದ ಹಾಗೆ ಕಾಣ್ತದೆ.

ಚಾರ್ಟ್ ಆದ ಮೇಲೆ ಚಾರ್ಟಿನಿಂದ ಉತ್ತರ ಸಿಗುವ ಒಂದು ಪ್ರಶ್ನೆ, ಸಿಗದ ಒಂದು ಪ್ರಶ್ನೆ ಬರೀರಿ ಅಂತ ಹೇಳ್ತೇನೆ. ಒಬ್ಬಳು ಬರೆದಿದ್ದಳು: "ಆಟಿಯಲ್ಲಿ ಎಷ್ಟು ಮಳೆ?" ಮನೆಯಲ್ಲಿ ಅಜ್ಜಿ ಹೇಳೋದು ಆಟಿಯ ಮಳೆ, ಸೋಣದ ಮಳೆ ಅಂತ, ಜುಲೈ ಆಗಸ್ಟ್ ಅಂತ ಅಲ್ಲ. ಆಟಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ತಿಂಗಳ ಕೋಷ್ಟಕದಿಂದ ಅದನ್ನು ತೆಗೀಲಿಕ್ಕೆ ಆಗೋದಿಲ್ಲ, ಅರ್ಧ ಜುಲೈ ಅರ್ಧ ಆಗಸ್ಟ್ ಅಂತ ಕೂಡಿಸಿದ್ರೆ ಅದು ಊಹೆ ಅಷ್ಟೇ. ದಿನದ ಅಳತೆ ಬೇಕು. ಅದನ್ನು ತಗೊಳ್ಳುವಾಗ ಒಂದು ವಿಷಯ ಮೊದಲೇ ಹೇಳಿಕೊಡ್ಬೇಕು, ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ತಾರೀಕಿನ ಮಳೆ ಅಂದ್ರೆ ಆ ದಿನ ಬೆಳಿಗ್ಗೆ 8:30 ಕ್ಕೆ ಮುಗಿಯುವ 24 ಗಂಟೆಯದ್ದು, ಜುಲೈ 31 ರ ರಾತ್ರಿ ಸುರಿದದ್ದು ಆಗಸ್ಟ್ 1 ರ ಸಾಲಿನಲ್ಲಿ ಇರ್ತದೆ. ಮಕ್ಕಳು ಮನೆಯಲ್ಲಿ ಬರೆದಿಟ್ಟದ್ದಕ್ಕೂ ಪ್ರಿಂಟಿಗೂ ಒಂದು ದಿನ ಹಿಂದೆ ಮುಂದೆ ಕಂಡ್ರೆ ಮೊದಲು ನೋಡ್ಬೇಕಾದ್ದು ಇದನ್ನು.