ಜಿಮ್‌ಗೆ ಮುನ್ನ ಫಿಲ್ಟರ್ ಕಾಫಿ: ಎಷ್ಟು ಕುಡಿಯಬೇಕು, ಯಾವ ಹೊತ್ತಿಗೆ?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಸಂಜೆ ಆರಕ್ಕೆ ಆಫೀಸು ಬಿಟ್ಟು ಏಳಕ್ಕೆ ಜಿಮ್‌ಗೆ ಹೋಗುವವರು ಬಹಳ. ನಡುವೆ ಮನೆಯಲ್ಲಿ ಎರಡು ಲೋಟ ಸ್ಟ್ರಾಂಗ್ ಕಾಫಿ. ವ್ಯಾಯಾಮ ಚೆನ್ನಾಗಿಯೇ ಆಗುತ್ತದೆ, ಬೆಳಿಗ್ಗೆ ಮಾತ್ರ ಏಳಲಾಗುವುದಿಲ್ಲ. ಇಂಥವರು ಕಾಫಿ ಬಿಡಬೇಕಿಲ್ಲ. ಅದರಲ್ಲಿರುವ ಕೆಫೀನ್ ಅಳೆದು, ಕುಡಿಯುವ ಹೊತ್ತು ಬದಲಿಸಿದರೆ ಆಯಿತು.

ಮೊದಲು ಪುಡಿ ತೂಗಿ

ಲೋಟದ ಲೆಕ್ಕ ನಂಬುವಂತಿಲ್ಲ. ಹೋಟೆಲಿನ ಬೈ-ಟೂ ಬೇರೆ, ಮನೆಯ ಲೋಟ ಬೇರೆ. ಫಿಲ್ಟರಿಗೆ ಹಾಕುವ ಪುಡಿಯನ್ನು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 30 ಗ್ರಾಂ ಬಂತು ಎಂದುಕೊಳ್ಳೋಣ. ಪ್ಯಾಕೆಟ್ಟಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಹುರಿಸಿ ಪುಡಿ ಮಾಡಿಸುವವರಿಗೆ ಅದು ಹೇಗೂ ಗೊತ್ತು. 80:20 ಆದರೆ 30 ಗ್ರಾಂನಲ್ಲಿ ಕಾಫಿ 24 ಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಇನ್ನು ಬೀಜದ ಜಾತಿ. ಅರೇಬಿಕಾದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2ರಷ್ಟು, ರೋಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು, 2.2. ಎರಡನ್ನೂ ಸಮಸಮ ಬೆರೆಸಿದ್ದರೆ 1.7 ಎಂದು ಹಿಡಿಯಿರಿ. 24 ಗ್ರಾಂ ಕಾಫಿಯಲ್ಲಿ ಸುಮಾರು 400 ಮಿಲಿಗ್ರಾಂ ಕೆಫೀನ್ ಆಯಿತು. ಅದೆಲ್ಲ ಡಿಕಾಕ್ಷನ್‌ಗೆ ಇಳಿಯುವುದಿಲ್ಲ. ನೂರಕ್ಕೆ ಎಂಬತ್ತು ಇಳಿಯಿತು ಎಂದರೆ 320 ಮಿಲಿಗ್ರಾಂ ಚಿಲ್ಲರೆ. ಅದೇ ಡಿಕಾಕ್ಷನ್‌ನಲ್ಲಿ ಮೂರು ಲೋಟ ಕಾಫಿ ಮಾಡಿದರೆ ಲೋಟಕ್ಕೆ 110 ಮಿಲಿಗ್ರಾಂ. ಇದು ಅಂದಾಜಿನ ಲೆಕ್ಕವೇ, ಆದರೆ ಈ ಕೆಲಸಕ್ಕೆ ಇಷ್ಟು ಸಾಕು. ಹಾಲು ಹೆಚ್ಚು ಹಾಕಿದರೆ ರುಚಿ ತಿಳಿಯಾಗುತ್ತದೆ, ಕೆಫೀನ್ ಇಷ್ಟೇ ಇರುತ್ತದೆ.

ಬಣ್ಣ ನೋಡಿ ಮೋಸಹೋಗುವುದು ಇಲ್ಲಿಯೇ. ಚಿಕೋರಿ ಜಾಸ್ತಿ ಇದ್ದಷ್ಟೂ ಡಿಕಾಕ್ಷನ್ ಕಪ್ಪಾಗಿ, ಗಟ್ಟಿಯಾಗಿ ಇಳಿಯುತ್ತದೆ, ಕಹಿಯೂ ಹೆಚ್ಚು. ಕುಡಿದವರು ‘ಸ್ಟ್ರಾಂಗ್’ ಅನ್ನುತ್ತಾರೆ, ಕೆಫೀನ್ ಮಾತ್ರ ಕಡಿಮೆ.

ನಿಮ್ಮ ತೂಕಕ್ಕೆ ಎಷ್ಟು?

ವ್ಯಾಯಾಮದಲ್ಲಿ ಗೊತ್ತಾಗುವಷ್ಟು ಪರಿಣಾಮ ಬೇಕಾದರೆ ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಎಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತ ಅಳತೆ. ಕೆಲವರಿಗೆ 2 ಕೂಡ ಸಾಕಾಗುತ್ತದೆ. ಮೇಲಿನ ತುದಿ ಸ್ಪರ್ಧೆಗಿಳಿಯುವವರಿಗೆ. ಮಾಮೂಲಿ ಜಿಮ್‌ಗೆ ಅಷ್ಟು ಬೇಡ. ಆರೋಗ್ಯವಂತ ವಯಸ್ಕರಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಿತಿ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂ. ಗರ್ಭಿಣಿಯರಿಗೆ ಇಡೀ ದಿನಕ್ಕೆ 200. ರಕ್ತದೊತ್ತಡ ಇರುವವರು, ಎದೆಬಡಿತ ಏರುಪೇರಾಗುವವರು ಡಾಕ್ಟರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು. ಸಿಪ್ರೊಫ್ಲಾಕ್ಸಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ದಿನಗಳಲ್ಲಿ ಕೆಫೀನ್ ದೇಹದಿಂದ ಹೊರಹೋಗುವುದು ನಿಧಾನ, ಆಗ ಒಂದೇ ಲೋಟಕ್ಕೆ ಕೈ ನಡುಗಬಹುದು.

60 ಕಿಲೋ ತೂಕದವರಿಗೆ 3ರ ಲೆಕ್ಕದಲ್ಲಿ 180 ಮಿಲಿಗ್ರಾಂ, ಅಂದರೆ ನಮ್ಮ ಅಳತೆಯ ಲೋಟದಲ್ಲಿ ಒಂದೂವರೆಗಿಂತ ತುಸು ಹೆಚ್ಚು. ಒಂದೂವರೆ ಲೋಟಕ್ಕೇ ನಿಲ್ಲಿಸಿ. ರಕ್ತದಲ್ಲಿ ಕೆಫೀನ್ ಏರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಜಿಮ್ ಬಾಗಿಲಲ್ಲಿ ನಿಂತು ಕುಡಿದರೆ ಮೊದಲರ್ಧ ವ್ಯಾಯಾಮ ಕೆಫೀನ್ ಇಲ್ಲದೆಯೇ ಮುಗಿದಿರುತ್ತದೆ. ಹೊಟ್ಟೆ ತುಂಬ ತಿಂಡಿ ತಿಂದ ಮೇಲೆ ಕುಡಿದರೆ ಇನ್ನೂ ತಡ. ಬರೀ ಹೊಟ್ಟೆಯಲ್ಲಿ ಹುಳಿತೇಗು ಬರುವವರು ಒಂದು ಬಾಳೆಹಣ್ಣು ತಿಂದು ಕುಡಿಯಲಿ. ಎದೆ ಡವಡವ ಎಂದರೆ, ಡಂಬೆಲ್ ಹಿಡಿದ ಬೆರಳು ನಡುಗಿದರೆ, ಅರ್ಧ ಗಂಟೆಯಲ್ಲಿ ಹೊಟ್ಟೆ ಕಲಕಿದರೆ ಅಳತೆ ಮೀರಿದೆ. ಮುಂದಿನ ಸಲ ಅರ್ಧ ಲೋಟ ಕಡಿಮೆ ಮಾಡಿ.

ಸಂಜೆಯ ಕಾಫಿ ರಾತ್ರಿಗೆ ಎಷ್ಟು ಉಳಿಯುತ್ತದೆ?

ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು. ಕೆಲವರಿಗೆ ಮೂರೇ ಗಂಟೆ, ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಸಂಜೆ ಆರಕ್ಕೆ ಎರಡು ಲೋಟ, ಅಂದರೆ 220 ಮಿಲಿಗ್ರಾಂ ಕುಡಿದು ಹನ್ನೊಂದಕ್ಕೆ ಮಲಗಿದರೆ ಒಳಗೆ ಇನ್ನೂ 110 ಇರುತ್ತದೆ. ಹಾಸಿಗೆಯ ಪಕ್ಕದಲ್ಲಿ ಒಂದು ಲೋಟ ಕಾಫಿ ಕುಡಿದು ದೀಪ ಆರಿಸಿದ ಹಾಗೆ.

ದಿನವಿಡೀ ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತಾಗ ನಿದ್ದೆ ಒತ್ತರಿಸುತ್ತದೆ. ಕೆಫೀನ್ ಆ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ‘ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತಪ್ಪ’ ಎನ್ನುವವರಿಗೆ ನಿದ್ದೆ ಬರುವುದು ನಿಜವೇ, ಆದರೆ ಗಾಢ ನಿದ್ದೆಯ ಪಾಲು ಕಡಿಮೆಯಾಗಿರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೊಟ್ಟಾಗಲೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿತವಾಯಿತು. ಕುಡಿದವರಿಗೆ ಅದು ಅಷ್ಟಾಗಿ ಗೊತ್ತೇ ಆಗಲಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2023ರ ವಿಶ್ಲೇಷಣೆಯ ಪ್ರಕಾರ ನಮ್ಮ ಒಂದು ಲೋಟದಷ್ಟು ಕೆಫೀನ್‌ಗೂ ಮಲಗುವ ಹೊತ್ತಿಗೂ ನಡುವೆ ಸುಮಾರು ಒಂಬತ್ತು ಗಂಟೆ ಇರಬೇಕು. 217 ಮಿಲಿಗ್ರಾಂನ ಪ್ರಿ-ವರ್ಕೌಟ್ ಪುಡಿಗಾದರೆ ಹದಿಮೂರು ಗಂಟೆ! ಹನ್ನೊಂದಕ್ಕೆ ಮಲಗುವವರಿಗೆ ಕೊನೆಯ ಲೋಟ ಮಧ್ಯಾಹ್ನ ಎರಡಕ್ಕೆ ಮುಗಿದಿರಬೇಕು ಎಂದಾಯಿತು.

ದಿನದ ಲೆಕ್ಕ ತಿದ್ದುವುದು

60 ಕಿಲೋ ತೂಕದ ನಮ್ಮ ಸಂಜೆಯ ಜಿಮ್‌ನವರು ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ಎರಡು ಲೋಟ ಕುಡಿಯುತ್ತಾರೆ ಎನ್ನಿ. ಒಟ್ಟು 440, ದಿನದ ಮಿತಿ ದಾಟಿತು, ಅದರಲ್ಲಿ ಅರ್ಧ ಸಂಜೆಯದೇ. ಜಿಮ್ ಬೆಳಿಗ್ಗೆ ಆರೂಕಾಲಕ್ಕೆ ಬದಲಿಸಲು ಆಗುವುದಾದರೆ ಐದು ಇಪ್ಪತ್ತಕ್ಕೆ ಒಂದೂವರೆ ಲೋಟ, ಹನ್ನೊಂದಕ್ಕೆ ಇನ್ನೊಂದು. ಒಟ್ಟು 275ಕ್ಕೆ ದಿನ ಮುಗಿಯಿತು.

ಆಗದವರು ವಾರದ ದಿನಗಳಲ್ಲಿ ಸಂಜೆ ಕಾಫಿ ಇಲ್ಲದೆಯೇ ಎತ್ತಲಿ. ಒಂದೆರಡು ವಾರ ಭಾರ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಪೂರ್ತಿ ಅಳತೆಯ ಕಾಫಿಯನ್ನು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಕ್ಕೋ ಕುಕ್ಕರಹಳ್ಳಿ ಕೆರೆ ಸುತ್ತ ದೂರದ ಓಟಕ್ಕೋ ಇಟ್ಟುಕೊಳ್ಳಿ. ಕೆಫೀನ್ ಹೆಚ್ಚು ಕೈಹಿಡಿಯುವುದು ಇಂಥ ದೀರ್ಘ ಶ್ರಮದಲ್ಲಿಯೇ.

ವಾರದಲ್ಲಿ ಹೀಗೆ ತಗ್ಗಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ದಿನವೂ ಒಂದೇ ಅಳತೆ ಕುಡಿದರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಹೋಗುತ್ತದೆ, ವ್ಯಾಯಾಮದಲ್ಲಿ ಸಿಗುತ್ತಿದ್ದ ಲಾಭ ಕುಗ್ಗುತ್ತದೆ. ಆಗ ಜನ ಮಾಡುವ ತಪ್ಪು ಇನ್ನರ್ಧ ಲೋಟ ಏರಿಸುವುದು. ಏರಿಸಿದ್ದಕ್ಕೆ ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟಿದ್ದಕ್ಕೆ ಮರುದಿನ ಮತ್ತರ್ಧ ಲೋಟ.

ಇಳಿಸುವಾಗ ಒಮ್ಮೆಲೇ ನಿಲ್ಲಿಸಬೇಡಿ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ವಾರದವರೆಗೂ ಎಳೆಯಬಹುದು. ಇಲ್ಲಿ ಚಿಕೋರಿ ಕೆಲಸಕ್ಕೆ ಬರುತ್ತದೆ. ಪುಡಿಯ ತೂಕ 30 ಗ್ರಾಂ ಹಾಗೇ ಇರಲಿ. 80:20 ಮುಗಿದ ಮೇಲೆ 60:40 ತನ್ನಿ. ಲೋಟಕ್ಕೆ 110 ಇದ್ದದ್ದು 80ರ ಆಸುಪಾಸಿಗೆ ಬರುತ್ತದೆ, ಲೋಟವೂ ಕಹಿಯೂ ಕಡಿಮೆಯಾಗುವುದಿಲ್ಲ. ಒಂದು ವಾರ ಬಿಟ್ಟು 53:47ಕ್ಕೆ ಇಳಿದರೆ 70 ಚಿಲ್ಲರೆ. ಅಂಗಡಿಯಲ್ಲಿ ಪುಡಿ ಮಾಡಿಸುವವರು ಅದೇ ಹೊತ್ತಿಗೆ ರೋಬಸ್ಟಾ ಬಿಟ್ಟು ಬರೀ ಅರೇಬಿಕಾ ಹಾಕಿಸಿದರೆ 50ರ ಹತ್ತಿರಕ್ಕೆ ಬರುತ್ತದೆ. ನೊರೆ ಮತ್ತು ಗಟ್ಟಿತನ ಸ್ವಲ್ಪ ಕಡಿಮೆಯಾಗುತ್ತದೆ, ಮನೆಯವರು ಕೇಳಿದರೆ ಬೀಜ ಬದಲಾಗಿದೆ ಎಂದು ಹೇಳಿಬಿಡಿ.