ಅಡುಗೆ ಚಾನೆಲ್‌ನ 4000 ಗಂಟೆ: ಹಳೇ ವಿಡಿಯೋ ಅಳಿಸಬೇಡಿ, ಹೆಸರು ಬದಲಿಸಿ

ಬದಿಯಡ್ಕದ ನಮ್ಮ ಅಡುಗೆಮನೆಯಿಂದ ಹೋದ ವರ್ಷ ‘ಕೊಟ್ಟಿಗೆ’ ಅಂತ ಒಂದೇ ಪದದ ಹೆಸರಿಟ್ಟು ಯೂಟ್ಯೂಬ್‌ಗೆ ವಿಡಿಯೋ ಹಾಕಿದ್ದೆ. ಯಾರೂ ನೋಡಲಿಲ್ಲ. ಘಟ್ಟದ ಮೇಲಿನವರಿಗೆ ಕೊಟ್ಟಿಗೆ ಅಂದ್ರೆ ದನದ ಹಟ್ಟಿ, ಅಲ್ವಾ! ಆಮೇಲೆ ‘ಹಲಸಿನ ಹಣ್ಣಿನ ಕಡುಬು, ಬಾಳೆ ಎಲೆಯಲ್ಲಿ | ಕಾಸರಗೋಡಿನ ಕೊಟ್ಟಿಗೆ’ ಅಂತ ಬದಲಿಸಿದೆ. ಜನ ಹುಡುಕುವ ಹೆಸರು ಮೊದಲು, ನಮ್ಮೂರ ಹೆಸರು ಆಮೇಲೆ. ಫೋನಿನಲ್ಲಿ ಉದ್ದದ ಹೆಸರು ಅರ್ಧಕ್ಕೇ ತುಂಡಾಗುತ್ತದೆ, ಅದಕ್ಕೆ ಈ ಕ್ರಮ.

ಅದೇ ವಿಡಿಯೋವನ್ನು ಅಳಿಸಿ ಹೊಸದಾಗಿ ಹಾಕಬೇಡಿ. ಅಳಿಸಿದರೂ ಪ್ರೈವೇಟ್ ಮಾಡಿದರೂ ಜನ ಅದನ್ನು ನೋಡಿದ ಗಂಟೆಗಳು 4000ದ ಲೆಕ್ಕದಿಂದ ಹೋಗುತ್ತವೆ. ನಾನು ಹಾಗೆ ಎರಡು ವಿಡಿಯೋದ ಗಂಟೆ ಕಳೆದುಕೊಂಡೆ.

ಜಾಹೀರಾತಿನ ಹಣಕ್ಕೆ 1000 ಸಬ್‌ಸ್ಕ್ರೈಬರ್, ಜೊತೆಗೆ ಕಳೆದ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ 4 ನಿಮಿಷ ನೋಡಿದರೆ 60,000 ವೀಕ್ಷಣೆ. ವಾರಕ್ಕೊಂದು ಹಾಕಿದರೆ ಒಂದೊಂದಕ್ಕೆ ಸುಮಾರು 1,150 ಬಂದರೆ ಸಾಕು. ಆದರೆ ವರ್ಷ ದಾಟಿದ ಗಂಟೆಗಳು ಹಿಂದಿನಿಂದ ಉದುರುತ್ತಾ ಹೋಗುತ್ತವೆ. ಮಳೆಗಾಲದಲ್ಲಿ ಕರೆಂಟ್ ಇಲ್ಲ ಅಂತ ಎರಡು ತಿಂಗಳು ಸುಮ್ನೆ ಕೂತರೆ ಅದಕ್ಕೇ ಪೆಟ್ಟು. ಬೇಸಗೆಯಲ್ಲೇ ನಾಲ್ಕೈದು ಜಾಸ್ತಿ ಶೂಟ್ ಮಾಡಿ ಶೆಡ್ಯೂಲ್ ಮಾಡಿಡಿ. ಪತ್ರೊಡೆ ಮಾತ್ರ ಆಟಿ ತಿಂಗಳು ಶುರುವಾಗುವ ಮೊದಲೇ ಬರಲಿ.

ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ 4000ಕ್ಕೆ ಸೇರುವುದಿಲ್ಲ.