‘ಕರ್ಮಗಳು ಸಂಕಲ್ಪಕ್ಕೆ ತಕ್ಕಂತೆ’: ಒಂದು ಹದೀಸಿನ ಸನದನ್ನು ನಾನು ಬಿಡಿಸಿ ನೋಡುವ ಬಗೆ

ಒಂದೇ ಸನದ್, ಅಂದರೆ ಮಾತನ್ನು ತಲುಪಿಸಿದವರ ಒಂದೇ ಸರಪಳಿ, ಇಟ್ಟುಕೊಂಡು ಹದೀಸ್ ಪರಿಶೀಲಿಸಲು ನಾನು ಕೂರುವುದಿಲ್ಲ. ಅದರಲ್ಲಿರುವ ವರದಿಗಾರರೆಲ್ಲ ನಂಬಿಕಸ್ಥರೇ ಇರಬಹುದು, ಆದರೂ ಅವರಲ್ಲೊಬ್ಬರು ಎಡವಿದ್ದರೆ ಆ ಒಂದು ಸರಪಳಿ ಅದನ್ನು ಹೇಳಿಕೊಡುವುದಿಲ್ಲ. ಅದೇ ಮಾತನ್ನು ಬೇರೆಯವರು ಹೇಗೆ ತಲುಪಿಸಿದ್ದಾರೆಂದು ಪಕ್ಕದಲ್ಲಿಟ್ಟಾಗಲೇ ತಪ್ಪು ಕಣ್ಣಿಗೆ ಬೀಳುವುದು.

‘ಕರ್ಮಗಳು ಸಂಕಲ್ಪಕ್ಕೆ ತಕ್ಕಂತೆ’ ಎಂಬ, ಸಹೀಹುಲ್ ಬುಖಾರಿಯ ಮೊದಲ ಹದೀಸನ್ನೇ ನೋಡೋಣ. ಮಿಝ್ಝೀ ಅವರ ‘ತುಹ್ಫತುಲ್ ಅಶ್ರಾಫ್’ ಹದೀಸುಗಳನ್ನು ಸಹಾಬಿಯ, ಅಂದರೆ ಪ್ರವಾದಿಯವರ ಸಂಗಾತಿಯ ಹೆಸರಿನಡಿ, ಅದರೊಳಗೆ ಅವರಿಂದ ಕೇಳಿದವರ ಹೆಸರಿನಡಿ ಜೋಡಿಸಿದೆ. ಉಮರ್, ಅವರ ಕೆಳಗೆ ಅಲ್ಕಮಾ ಎಂದು ಹುಡುಕಿದರೆ ಆರು ಪ್ರಮುಖ ಸಂಗ್ರಹಗಳ ಸನದುಗಳು ಒಂದೆಡೆ ಸಿಗುತ್ತವೆ. ಬುಖಾರಿಯೊಂದರಲ್ಲೇ ಈ ಹದೀಸ್ 7 ಕಡೆ ಇದೆ. ಆರರ ಹೊರಗಿನ ಹುಮೈದಿಯ ಮುಸ್ನದ್, ಶೈಬಾನಿ ದಾಖಲಿಸಿದ ಮಾಲಿಕ್ ಅವರ ಮುವತ್ತಾ ಇಂಥವನ್ನು ನಾನು ಬೇರೆಯಾಗಿ ತೆರೆಯುತ್ತೇನೆ.

ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಮರದಂತೆ ಬರೆದರೆ ವಿಚಿತ್ರ ಆಕಾರವೊಂದು ಮೂಡುತ್ತದೆ. ಪ್ರವಾದಿಯವರಿಂದ ಉಮರ್, ಅವರಿಂದ ಅಲ್ಕಮಾ ಬಿನ್ ವಕ್ಕಾಸ್, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್ ತೈಮಿ, ಅವರಿಂದ ಯಹ್ಯಾ ಬಿನ್ ಸಈದ್ ಅನ್ಸಾರಿ. ಇಲ್ಲಿಯವರೆಗೆ ಒಂಟಿ ಗೆರೆ. ಯಹ್ಯಾ ಅವರ ಕೆಳಗೆ ಒಮ್ಮೆಗೇ ಕವಲುಗಳು: ಮಾಲಿಕ್, ಇಬ್ಬರು ಸುಫ್ಯಾನ್‌ಗಳು, ಹಮ್ಮಾದ್ ಬಿನ್ ಝೈದ್, ಇಬ್ನುಲ್ ಮುಬಾರಕ್, ಇನ್ನೂ ಹಲವರು.

ಹೊಸಬರು ಮುಗ್ಗರಿಸುವುದು ಹೆಸರುಗಳಲ್ಲಿ. ಸನದಿನಲ್ಲಿ ಬರೀ ‘ಸುಫ್ಯಾನ್’ ಎಂದಿದ್ದರೆ ಅದು ಹಿಜರಿ 161ರಲ್ಲಿ ತೀರಿಕೊಂಡ ಸೌರಿಯೋ, 198ರಲ್ಲಿ ತೀರಿಕೊಂಡ ಇಬ್ನ್ ಉಯೈನಾ ಅವರೋ? ಇಬ್ಬರೂ ಯಹ್ಯಾ ಅವರಿಂದ ಕೇಳಿದವರಾದ್ದರಿಂದ ಮೇಲಿನ ಹೆಸರು ನೆರವಿಗೆ ಬಾರದು. ಕೆಳಗಿನ ಶಿಷ್ಯನನ್ನು ನೋಡಬೇಕು. ಹುಮೈದಿ ಇದ್ದರೆ ಇಬ್ನ್ ಉಯೈನಾ, ಮುಹಮ್ಮದ್ ಬಿನ್ ಕಸೀರ್ ಇದ್ದರೆ ಇಲ್ಲಿ ಸೌರಿ. ಯಾರು ಯಾರ ಶಿಷ್ಯರೆಂಬುದಕ್ಕೆ ಮಿಝ್ಝೀ ಅವರದ್ದೇ ವರದಿಗಾರರ ಚರಿತ್ರಕೋಶ ‘ತಹ್ಝೀಬುಲ್ ಕಮಾಲ್’ ಸಾಕು. ಇನ್ನು ಕೇಳಿದ್ದನ್ನು ಹೇಳುವ ಪದಗಳು. ‘ಅನ್’, ಅಂದರೆ ‘ಇಂಥವರಿಂದ’, ಎಂದಷ್ಟೇ ಇದ್ದರೆ ನೇರವಾಗಿ ಕೇಳಿದರೋ, ನಡುವೆ ಒಬ್ಬರನ್ನು ಬಿಟ್ಟರೋ ಎಂಬ ಅನುಮಾನಕ್ಕೆ ಎಡೆಯಿದೆ. ಬುಖಾರಿಯ ಈ ಸನದಿನಲ್ಲಿ ಪ್ರತಿ ಕೊಂಡಿಯೂ ‘ಹದ್ದಸನಾ’, ‘ಅಖ್ಬರನೀ’, ‘ಸಮಿಅತು’, ಅಂದರೆ ನಮಗೆ ಹೇಳಿದರು, ನನಗೆ ತಿಳಿಸಿದರು, ನಾನು ಕೇಳಿದೆ ಎಂದು ಬಾಯಿಬಿಟ್ಟೇ ಹೇಳುತ್ತದೆ.

ಮರಕ್ಕೆ ಹೊಂದದ ಒಂದು ಕೊಂಬೆ ಇದೆ. ಅಬ್ದುಲ್ ಮಜೀದ್ ಬಿನ್ ಅಬೀ ರವ್ವಾದ್ ಇದನ್ನು ಮಾಲಿಕ್, ಝೈದ್ ಬಿನ್ ಅಸ್ಲಮ್, ಅತಾ ಬಿನ್ ಯಸಾರ್, ಅಬೂ ಸಈದ್ ಖುದ್ರಿ ಎಂಬ ದಾರಿಯಲ್ಲಿ ತರುತ್ತಾರೆ. ಉಮರ್ ಅವರಲ್ಲದೆ ಇನ್ನೊಬ್ಬ ಸಹಾಬಿಯ ಸಾಕ್ಷ್ಯ ಸಿಕ್ಕಿತೆಂದು ಎಣಿಸುವ ಆಸೆ ಹುಟ್ಟುವುದು ಇಲ್ಲೇ. ಆದರೆ ಮಾಲಿಕ್ ಅವರ ಉಳಿದ ಶಿಷ್ಯರನ್ನು ಕೇಳಿ: ಅಬ್ದುಲ್ಲಾ ಬಿನ್ ಮಸ್ಲಮಾ, ಯಹ್ಯಾ ಬಿನ್ ಕಝಆ, ಶೈಬಾನಿ, ಎಲ್ಲರೂ ಹೇಳುವುದು ಮಾಲಿಕ್ ಇದನ್ನು ಯಹ್ಯಾ ಅವರಿಂದ ಪಡೆದರೆಂದೇ. ಅಬ್ದುಲ್ ಮಜೀದ್ ಒಂಟಿ. ತಪ್ಪಿನ ಕಾರಣವನ್ನೂ ಊಹಿಸಬಹುದು: ಮಾಲಿಕ್–ಝೈದ್–ಅತಾ–ಅಬೂ ಸಈದ್ ಹಲವು ಹದೀಸುಗಳು ಬಂದಿರುವ ಸವೆದ ಹಾದಿ, ನೆನಪು ಜಾರಿದಾಗ ನಾಲಗೆ ಅತ್ತಲೇ ಹೊರಳುತ್ತದೆ. ಹದೀಸ್ ವಿಮರ್ಶಕ ಅಬೂ ಹಾತಿಮ್ ರಾಝಿ ಇದಕ್ಕೆ ಬುಡವೇ ಇಲ್ಲವೆಂದರು. ದಾರಕುತ್ನಿಯೂ ತಪ್ಪೆಂದೇ ತೀರ್ಮಾನಿಸಿದರು. ಇಂಥ ದೋಷಕ್ಕೆ ‘ಇಲ್ಲತ್’ ಎನ್ನುತ್ತಾರೆ. ಪರಿಚಿತ ಸರಪಳಿಗಿಂತ ಅಪರಿಚಿತ ಸರಪಳಿಯನ್ನು ನಾನು ಹೆಚ್ಚು ನಂಬುವುದು ಇದಕ್ಕೇ.

ಆಮೇಲೆ ಮತ್ನ್, ಅಂದರೆ ಪಠ್ಯ. ಬುಖಾರಿಯ ಮೊದಲ ಹದೀಸಿನಲ್ಲಿ ‘ಯಾರ ಹಿಜ್ರತ್ ಅಲ್ಲಾಹ್ ಮತ್ತು ಅವನ ರಸೂಲರ ಕಡೆಗೋ’ ಎಂಬ ವಾಕ್ಯವಿಲ್ಲ. ಸನದಿನಲ್ಲಿರುವುದು ಹುಮೈದಿ, ಆದರೆ ಹುಮೈದಿಯ ಸ್ವಂತ ಮುಸ್ನದ್‌ನಲ್ಲಿ ಅದು ಪೂರ್ತಿಯಾಗಿದೆ. ಹಾಗಾದರೆ ಅದು ಬಿಟ್ಟುಹೋದದ್ದು ಇಬ್ನ್ ಉಯೈನಾ ಅವರಲ್ಲಲ್ಲ, ಹುಮೈದಿಯ ನಂತರವೇ ಎನ್ನಬೇಕಾಗುತ್ತದೆ. ಸಂಕಲ್ಪಕ್ಕಿರುವ ಅರಬಿ ಪದದಲ್ಲಿ ‘ನಿಯ್ಯಾತ್’ ಎಂಬ ಬಹುವಚನ, ‘ನಿಯ್ಯತ್’ ಎಂಬ ಏಕವಚನದಂಥ ವ್ಯತ್ಯಾಸಗಳಿಂದ ಅರ್ಥ ಕೆಡುವುದಿಲ್ಲ.

ಇತಿಹಾಸದ ದೃಷ್ಟಿಯಿಂದ ಇದೆಲ್ಲ ಎಲ್ಲಿಗೆ ಮುಟ್ಟಿಸುತ್ತದೆ? ಯಹ್ಯಾ ತೀರಿಕೊಂಡದ್ದು ಹಿಜರಿ 143ರ ಸುಮಾರಿಗೆ, ಅಂದರೆ ಕ್ರಿ.ಶ. 760ರ ಆಸುಪಾಸು. ಅಷ್ಟೊಂದು ಕವಲುಗಳು ಅವರಲ್ಲೇ ಕೂಡುವುದರಿಂದ ಅವರು ಇದನ್ನು ಹೇಳಿದ್ದು ಖಚಿತ. 1950ರಲ್ಲಿ ಪಾಶ್ಚಾತ್ಯ ವಿದ್ವಾಂಸ ಜೋಸೆಫ್ ಶಾಕ್ಟ್ ‘ಕಾಮನ್ ಲಿಂಕ್’ ಎಂದು ಕರೆದದ್ದು ಇಂಥ ಕೊಂಡಿಯನ್ನೇ. ಅವರ ದಾರಿಯವರು ಮಾತು ಹಬ್ಬಲು ತೊಡಗಿದ್ದೇ ಅಲ್ಲಿಂದ ಎನ್ನುತ್ತಾರೆ. ಮುಹದ್ದಿಸರು, ಅಂದರೆ ಹದೀಸ್ ವಿದ್ವಾಂಸರು, ಯಹ್ಯಾ ಅವರಿಗಿಂತ ಮೇಲಿನವರ ನಂಬಿಕಸ್ಥಿಕೆಯನ್ನೂ ಕೇಳಿದ ದಾಖಲೆಯನ್ನೂ ನೋಡಿ, ‘ಗರೀಬ್’, ಅಂದರೆ ಒಂಟಿ ದಾರಿಯದು, ಆದರೂ ಸಹೀಹ್, ಅಂದರೆ ನಂಬಲರ್ಹ, ಎನ್ನುತ್ತಾರೆ. ಮೇಲಿನ ಭಾಗಕ್ಕೆ ಹೋಲಿಸಿ ನೋಡಲು ಎರಡನೇ ಸನದ್ ಇಲ್ಲ, ಅಲ್ಲಿರುವುದು ವ್ಯಕ್ತಿಗಳ ಮೇಲಿನ ತೀರ್ಪು ಮಾತ್ರ. ಯಹ್ಯಾ ಅವರ ಕೆಳಗೆ ಹೋಲಿಕೆಯಿಂದ ಖಚಿತವಾದದ್ದು, ಮೇಲೆ ತೀರ್ಪಿನಿಂದ ಒಪ್ಪಿದ್ದು, ಈ ಎರಡನ್ನೂ ನಾನು ಟಿಪ್ಪಣಿಯಲ್ಲಿ ಬೇರೆಬೇರೆ ಬರೆಯುತ್ತೇನೆ.

ಕವಲುಗಳ ಲೆಕ್ಕವನ್ನೂ ಕೇಳಿದ ಹಾಗೇ ಬರೆದುಕೊಳ್ಳಬಾರದು. ಯಹ್ಯಾ ಅವರಿಂದ 700 ಜನ ಇದನ್ನು ವರದಿ ಮಾಡಿದರೆಂಬ ಮಾತಿದೆ. ಬುಖಾರಿಯ ವ್ಯಾಖ್ಯಾನಕಾರ ಇಬ್ನ್ ಹಜರ್ ಹುಡುಕಿ ನೋಡಿ, ನೂರನ್ನೂ ಮುಟ್ಟಲಾಗಲಿಲ್ಲವೆಂದು ಬರೆದಿದ್ದಾರೆ.